ಮಳೆಗಾಲದಲ್ಲಿ ಫೈಬರ್: ತಪ್ಪು ಲೈನಿನದೋ ಕಂಪನಿಯದೋ?

"ತೀರ್ಥಹಳ್ಳಿ ಹತ್ರ 100 ಎಂಬಿಪಿಎಸ್ ಪ್ಲಾನ್. ರಾತ್ರಿ 15ಕ್ಕೆ ಇಳಿಯುತ್ತೆ, ಮಳೆ ಬಂದ್ರೆ ಪೂರ್ತಿ ಕಟ್. ಕಂಪನಿ ಬದಲಾಯಿಸಬೇಕಾ?"

ಈಗಲೇ ಬೇಡ, ಇವೆರಡೂ ಬೇರೆ ಬೇರೆ ತೊಂದರೆ. ವೈಫೈ ಬಿಟ್ಟು ಲ್ಯಾನ್ ಕೇಬಲ್ ಹಾಕಿ ಮೂರು ದಿನ ಬೆಳಗ್ಗೆ 6ಕ್ಕೆ, ರಾತ್ರಿ 9ಕ್ಕೆ ಸ್ಪೀಡ್ ನೋಡಿ. ಜೊತೆಗೆ ರೂಟರ್ ಪೇಜಿನ Rx Power, ಅಂದ್ರೆ ಫೈಬರಿನಲ್ಲಿ ಬರುವ ಬೆಳಕಿನ ಬಲ, ಬರೆದಿಟ್ಟುಕೊಳ್ಳಿ. ಅದು ಎರಡೂ ಹೊತ್ತು -20 dBm ಆಸುಪಾಸಲ್ಲೇ ಇದ್ದು ಸ್ಪೀಡ್ ಮಾತ್ರ ರಾತ್ರಿ ಬಿದ್ದರೆ ನಿಮ್ಮ ಲೈನ್ ಸರಿಯಿದೆ, ದಟ್ಟಣೆ ಕಂಪನಿ ಕಡೆಯದು. ತಿಂಗಳ ಕೊನೆಗೆ ಇಡೀ ದಿನ ನಿಧಾನವಾದರೆ ಎಫ್‌ಯುಪಿ, ಅಂದ್ರೆ ಪೂರ್ತಿ ಸ್ಪೀಡಿಗೆ ಇರುವ ಡೇಟಾ ಮಿತಿ, ಮುಗಿದಿರಬಹುದು. ಅದು ಪ್ಲಾನಿನ ಷರತ್ತೇ, ಮಾತು ತಪ್ಪಿದ್ದಲ್ಲ.

ಮಳೆಯಲ್ಲಿ Rx Power -27ಕ್ಕಿಂತ ಕೆಳಗಿಳಿದು, ಸಿಗ್ನಲ್ ಇಲ್ಲ ಅಂತ ತೋರಿಸುವ LOS ದೀಪ ಕೆಂಪಗೆ ಮಿನುಗಿದರೆ, ಅಡಿಕೆ ಮರಕ್ಕೆ ಕಟ್ಟಿದ ವೈರ್ ಎಲ್ಲೋ ಬಾಗಿರಬಹುದು, ಇಲ್ಲಾ ಜಾಯಿಂಟಿಗೆ ನೀರು ಹೋಗಿರಬಹುದು. ರೀಡಿಂಗಿನ ಫೋಟೊ ಹಾಕಿ ದೂರು ಕೊಡಿ, ಜಾಯಿಂಟ್ ಹೊಸದಾಗಿ ಸ್ಪ್ಲೈಸ್ ಮಾಡಿಸಿ. ಬರೀ ರೀಸ್ಟಾರ್ಟ್ ಮಾಡಿ ಅಂದ್ರೆ ದೂರು ಮುಚ್ಚಲು ಬಿಡಬೇಡಿ.