14 ಪುಟದ ಪುಸ್ತಿಕೆ: ಆ ಎರಡು ಖಾಲಿ ಪುಟ ಎಲ್ಲಿ ಸೇರಿಸಬೇಕು?

ಪ್ರಶ್ನೆ: ಮಧ್ಯಕ್ಕೆ ಪಿನ್ ಹೊಡೆಯುವ ಪುಸ್ತಿಕೆ ಮಾಡ್ತಿದ್ದೇನೆ. ಒಟ್ಟು 14 ಪುಟ. 1 ಮುಖಪುಟ, 14 ಹಿಂಬದಿ ಕವರ್. 8 ಮತ್ತು 9ನೇ ಪುಟಕ್ಕೆ ಸೇರಿಸಿ ಒಂದೇ ದೊಡ್ಡ ನಕ್ಷೆ ಇದೆ. ಪಿಡಿಎಫ್‌ನಿಂದ ಬುಕ್‌ಲೆಟ್ ಪ್ರಿಂಟ್ ತೆಗೆದು ಮಡಚಿದರೆ ಹಿಂಬದಿ ಕವರ್ ಒಳಗೆ ಸೇರಿಕೊಂಡಿದೆ, ಹೊರಗಡೆ ಖಾಲಿ. ಗೆಳೆಯರ ಮಾತು ಕೇಳಿ ಎರಡೂ ಕವರಿನ ಒಳಬದಿಗೆ ಒಂದೊಂದು ಖಾಲಿ ಪುಟ ಹಾಕಿದೆ. ಕವರ್ ಸರಿಯಾಯ್ತು, ಆದರೆ ನಕ್ಷೆ ಅರ್ಧ ಇಲ್ಲಿ, ಇನ್ನರ್ಧ ಹಾಳೆ ತಿರುಗಿಸಿದ ಮೇಲೆ! ಎಲ್ಲಿ ತಪ್ಪಿದೆ?

ಉತ್ತರ: ಎರಡೂ ಖಾಲಿ ಪುಟಗಳನ್ನು ಒಟ್ಟಿಗೆ 13ನೇ ಪುಟದ ನಂತರ, ಹಿಂಬದಿ ಕವರಿಗೆ ಮುಂಚೆ ಹಾಕಿ. ಹಿಂಬದಿ ಕವರ್ 16ನೇ ಪುಟವಾಗುತ್ತದೆ, ನಕ್ಷೆ 8–9ರಲ್ಲೇ ಉಳಿಯುತ್ತದೆ.

ಯಾಕೆ ಅಂತ ತಿಳಿಯಲು ಒಂದು ಡಮ್ಮಿ ಮಾಡಿ ನೋಡಿ. ನಾಲ್ಕು ಬಿಳಿ ಹಾಳೆ ತಗೊಂಡು ಒಟ್ಟಿಗೆ ಜೋಡಿಸಿ, ನಡುವೆ ಮಡಚಿ. ಪಿನ್ ಬೇಡ. ಪುಸ್ತಕದ ಹಾಗೆ ಒಂದೊಂದೇ ಪುಟ ತಿರುಗಿಸುತ್ತಾ ಮೂಲೆಯಲ್ಲಿ ಪೆನ್ಸಿಲಿನಿಂದ 1ರಿಂದ 16ರವರೆಗೆ ಅಂಕಿ ಬರೆಯಿರಿ. ಈಗ ಹಾಳೆಗಳನ್ನು ಬಿಡಿಸಿ ಮೇಜಿನ ಮೇಲೆ ಹರಡಿ.

ಎಲ್ಲಕ್ಕಿಂತ ಹೊರಗಿನ ಹಾಳೆಯ ಒಂದು ಮಗ್ಗುಲಲ್ಲಿ ಎಡಕ್ಕೆ 16, ಬಲಕ್ಕೆ 1 ಇರುತ್ತದೆ. ತಿರುಗಿಸಿದರೆ 2 ಮತ್ತು 15. ಎರಡನೇ ಹಾಳೆಯಲ್ಲಿ 14 ಮತ್ತು 3, ಅದರ ಹಿಂದೆ 4 ಮತ್ತು 13. ಮೂರನೆಯದರಲ್ಲಿ 12 ಮತ್ತು 5, ಹಿಂದೆ 6 ಮತ್ತು 11. ಎಲ್ಲಕ್ಕಿಂತ ಒಳಗಿನದರಲ್ಲಿ 10 ಮತ್ತು 7, ಹಿಂದೆ 8 ಮತ್ತು 9. ಅಕ್ಕಪಕ್ಕದ ಎರಡು ಅಂಕಿ ಕೂಡಿಸಿ ನೋಡಿ, ಎಲ್ಲಾ ಕಡೆ 17 ಬರುತ್ತದೆ. ಒಟ್ಟು ಪುಟಕ್ಕೆ ಒಂದು ಕೂಡಿಸಿದಷ್ಟು. ಪ್ರಿಂಟ್ ಆಗಿ ಬಂದ ಹಾಳೆಯಲ್ಲಿ ಪುಟಗಳ ಜೋಡಿ ಸರಿ ಇದೆಯಾ ಅಂತ ನೋಡಲು ಇದಕ್ಕಿಂತ ಸುಲಭದ ಪರೀಕ್ಷೆ ಇಲ್ಲ.

ಮಡಚಿದ ಒಂದು ಹಾಳೆ ಅಂದರೆ ನಾಲ್ಕು ಪುಟ. ಮೂರೂವರೆ ಹಾಳೆಗೆ ಪಿನ್ ಹೊಡೆಯಲು ಆಗಲ್ಲ ಅಲ್ವಾ? ಉಳಿದ ಅರ್ಧ ಹಾಳೆಗೆ ಪಿನ್ ಹಿಡಿಯುವ ಮಡಿಕೆಯೇ ಇರುವುದಿಲ್ಲ. ಹಾಗಾಗಿ ಪುಟಗಳ ಒಟ್ಟು ಲೆಕ್ಕ 4ರಿಂದ ಭಾಗವಾಗಲೇಬೇಕು: 8, 12, 16, 20, ಹೀಗೆ. ನೀವು 14 ಕೊಟ್ಟಿದ್ದರಿಂದ ಸಾಫ್ಟ್‌ವೇರ್ ತಾನಾಗಿ ಕೊನೆಯಲ್ಲಿ ಎರಡು ಖಾಲಿ ಪುಟ ಸೇರಿಸಿತು. ನಿಮ್ಮ ಹಿಂಬದಿ ಕವರ್ 14ನೇ ಪುಟವಾಗಿಯೇ ಉಳಿದು ಎರಡನೇ ಹಾಳೆಗೆ, 3ರ ಪಕ್ಕಕ್ಕೆ ಹೋಯಿತು. ಹೊರಗಿನ 16 ಖಾಲಿ ಬಿತ್ತು. ಎಲ್ಲಿ ಪುಟ ಕಡಿಮೆ ಬಿದ್ದಿದೆ ಅಂತ ಸಾಫ್ಟ್‌ವೇರಿಗೆ ಗೊತ್ತಾಗುವುದಿಲ್ಲ. ಆ ಜಾಗ ನಾವೇ ತೋರಿಸಬೇಕು.

ಈಗ ನಕ್ಷೆಯ ವಿಷಯ. ತೆರೆದ ಪುಸ್ತಕದಲ್ಲಿ ಎದುರುಬದುರು ಕಾಣುವುದು ಎಡಕ್ಕೆ ಸರಿಸಂಖ್ಯೆ, ಬಲಕ್ಕೆ ಬೆಸಸಂಖ್ಯೆ: 2–3, 4–5, 8–9. ಮುಖಪುಟದ ಹಿಂದೆ ಒಂದೇ ಒಂದು ಪುಟ ಸೇರಿಸಿದ ಕೂಡಲೇ ನಂತರದ ಪುಟಗಳೆಲ್ಲ ಒಂದೊಂದು ಮುಂದಕ್ಕೆ ಸರಿದವು. 8–9 ಇದ್ದದ್ದು 9–10 ಆಯಿತು. 9 ಮತ್ತು 10 ಎದುರುಬದುರು ಅಲ್ಲ, ಒಂದೇ ಎಲೆಯ ಮುಂದೆ ಹಿಂದೆ. ನಕ್ಷೆ ಒಡೆದದ್ದು ಅಲ್ಲೇ. ಜೋಡಿ ಪುಟಕ್ಕಿಂತ ಮುಂಚೆ ಏನೇ ಸೇರಿಸಿದರೂ ಸಮಸಂಖ್ಯೆಯಲ್ಲೇ ಸೇರಿಸಬೇಕು.

ಹಾಗಾದರೆ ಎರಡೂ ಖಾಲಿ ಪುಟ ಮುಂದೆಯೇ ಹಾಕಬಹುದಲ್ಲಾ ಅಂತ ಅನ್ನಿಸಬಹುದು. ಹಾಕಬಹುದು, ನಕ್ಷೆ 10–11ಕ್ಕೆ ಹೋಗಿ ಎದುರುಬದುರಾಗಿಯೇ ಇರುತ್ತದೆ. ಆದರೆ ಡಮ್ಮಿ ನೋಡಿ: 10 ಒಂದು ಹಾಳೆಯಲ್ಲಿದೆ, 11 ಇನ್ನೊಂದರಲ್ಲಿ. ಎರಡು ಹಾಳೆ ಬೇರೆ ಬೇರೆಯಾಗಿ ಪ್ರಿಂಟ್ ಆಗಿ, ಬೇರೆ ಬೇರೆಯಾಗಿ ಮಡಿಕೆ ಬೀಳುತ್ತವೆ. ಒಂದು ಮಿಲಿಮೀಟರ್ ಆಚೀಚೆ ಆದರೂ ನಡುವೆ ಹಾದುಹೋಗುವ ರಸ್ತೆಯ ಗೆರೆ ಮುರಿದ ಹಾಗೆ ಕಾಣುತ್ತದೆ. ಒಳಗಡೆ ಎರಡು ಪುಟ ಒಂದೇ ಹಾಳೆಯ ಒಂದೇ ಮಗ್ಗುಲಲ್ಲಿ ಬಂದು ಎದುರುಬದುರಾಗುವುದು ನಟ್ಟನಡುವೆ ಮಾತ್ರ. 16 ಪುಟದಲ್ಲಿ ಅದು 8–9. ನಿಮ್ಮ ನಕ್ಷೆ ಅಲ್ಲೇ ಕೂತಿದೆ, ದಯವಿಟ್ಟು ಅದನ್ನು ಕದಲಿಸಬೇಡಿ.

13ರ ನಂತರ ಹಾಕಿದರೆ 14 ಮತ್ತು 15 ಎದುರುಬದುರಾಗಿ ಖಾಲಿ ಕಾಣುತ್ತವೆ. ಸುಮ್ನೆ ಬಿಳಿ ಬಿಟ್ಟರೆ ಓದುವವರಿಗೆ ಪ್ರಿಂಟ್ ತಪ್ಪಿದೆ ಅನ್ನಿಸುತ್ತದೆ. ನಾನಾದರೆ ಟಿಪ್ಪಣಿ ಬರೆದುಕೊಳ್ಳಲು ತೆಳುವಾದ ಗೆರೆ ಹಾಕುತ್ತೇನೆ, ಇಲ್ಲವೇ 10ರಿಂದ 13ರಲ್ಲಿ ಒತ್ತೊತ್ತಾಗಿರುವ ಬರಹವನ್ನು 15ರವರೆಗೆ ಸ್ವಲ್ಪ ಉಸಿರಾಡಲು ಬಿಡುತ್ತೇನೆ.

ಕವರಿಗೆ ದಪ್ಪ ಕಾಗದ ಬಳಸುವ ಯೋಚನೆ ಇದ್ದರೆ ಲೆಕ್ಕ ಬದಲಾಗುತ್ತದೆ, ಇದನ್ನು ಮೊದಲೇ ತೀರ್ಮಾನ ಮಾಡಿ. ಆಗ ಕವರ್ ಹಾಳೆಯದ್ದು 4 ಪುಟ ಬೇರೆ, ಒಳಗಿನ 12 ಪುಟ ಬೇರೆ. ನಿಮ್ಮಲ್ಲಿ ಒಳಗೆ ಸರಿಯಾಗಿ 12 ಪುಟವೇ ಇದೆ, ಹಾಗಾಗಿ ಕವರಿನ ಒಳಬದಿಗಳು ಖಾಲಿ ಉಳಿದರೂ ಚೆನ್ನಾಗಿಯೇ ಕಾಣುತ್ತವೆ. ಆದರೆ ಒಳಪುಟಗಳನ್ನು 1ರಿಂದ ಎಣಿಸಿದರೆ ನಕ್ಷೆ 7–8ರಲ್ಲಿ ಬೀಳುತ್ತದೆ. 12 ಪುಟದ ನಟ್ಟನಡುವೆ ಇರುವುದು 6–7. ನಕ್ಷೆಗಿಂತ ಮುಂಚೆ ಇರುವ ಒಂದು ಪುಟವನ್ನು ನಕ್ಷೆಯ ನಂತರಕ್ಕೆ ಸರಿಸಿದರೆ ಆಯಿತು. ನಿಮ್ಮ ಗೆಳೆಯರ ಸಲಹೆಯೂ ಈ ಒಂದು ಬದಲಾವಣೆಯ ಜೊತೆ ಪೂರ್ತಿ ಸರಿ.

ಮನೆಯಲ್ಲೇ ಪ್ರಿಂಟ್ ತೆಗೆಯುವುದಾದರೆ ಅಕ್ರೋಬ್ಯಾಟ್ ರೀಡರಿನಲ್ಲಿ `Booklet` ಆರಿಸಿ, ಕಾಗದದ ಎರಡೂ ಬದಿ ಅಂತ ಕೊಡಿ. ಹಿಂದಿನ ಮಗ್ಗುಲು ತಲೆಕೆಳಗಾಗಿ ಬಂದರೆ ಪುಟದ ಕ್ರಮದಲ್ಲಿ ತಪ್ಪು ಹುಡುಕಬೇಡಿ. ಪ್ರಿಂಟರ್ ಸೆಟ್ಟಿಂಗಿನಲ್ಲಿ `Flip on long edge` ಇರುತ್ತದೆ, ಅದನ್ನು `Flip on short edge` ಮಾಡಿ. ಅಡ್ಡ ಹಾಳೆಯನ್ನು ಗಿಡ್ಡ ಅಂಚಿನ ಮೇಲೆ ತಿರುಗಿಸಿದರೆ ಮಾತ್ರ ಎರಡೂ ಮಗ್ಗುಲು ನೆಟ್ಟಗೆ ಬರುತ್ತವೆ.

ಪ್ರೆಸ್ಸಿಗೆ ಕೊಡುವುದಾದರೆ ಮಾತ್ರ ಈ ಜೋಡಿಗಳನ್ನು ನೀವು ಮಾಡಲೇಬೇಡಿ. 1ರಿಂದ 16ರವರೆಗೆ ಓದುವ ಕ್ರಮದಲ್ಲಿ ಬಿಡಿ ಬಿಡಿ ಪುಟಗಳ ಪಿಡಿಎಫ್ ಕೊಡಿ, ಖಾಲಿ ಪುಟಗಳೂ ಅದರೊಳಗೇ ಇರಲಿ. ದೊಡ್ಡ ಹಾಳೆಯಲ್ಲಿ ಒಂದೇ ಮಗ್ಗುಲಿಗೆ ನಾಲ್ಕೋ ಎಂಟೋ ಪುಟ ಕೂರಿಸುವವರು ಅವರು. ನೀವು 16–1, 2–15 ಅಂತ ಜೋಡಿಸಿ ಕೊಟ್ಟರೆ ಅವರು ಅದನ್ನು ಮತ್ತೆ ಬಿಡಿಸಬೇಕಾಗುತ್ತದೆ, ಎಡವಟ್ಟು ಆಗುವುದು ಅಲ್ಲೇ ಜಾಸ್ತಿ. ಫೈಲಿನ ಜೊತೆ ಆ ಪೆನ್ಸಿಲ್ ಅಂಕಿಯ ಡಮ್ಮಿಯನ್ನೂ ಕೊಡಿ, 14 ಮತ್ತು 15ರ ಮೇಲೆ ಏನು ಬರಬೇಕು ಅಂತ ಬರೆದು.