ನಾಟಿ ಅವರೆ ಬೀಜ ಮಾರಾಟಕ್ಕೆ ಹಾಕುವಾಗ ವಿವರದಲ್ಲಿ ಏನು ಬರೆಯಬೇಕು?

"ನಮ್ಮ ಹೊಲದ ನಾಟಿ ಅವರೆ ಬೀಜ ಆನ್‌ಲೈನ್‌ನಲ್ಲಿ ಮಾರೋಣ ಅಂತಿದ್ದೀನಿ. ಮೊಳಕೆ ಎಷ್ಟು ಪರ್ಸೆಂಟ್ ಅಂತ ಹಾಕಲಿ? ಇನ್ನೇನು ಬರೆಯಬೇಕು?"

ಮೊದಲು ಬಿತ್ತನೆ ಕಾಲ ಬರೆಯಿರಿ, ಮೊಳಕೆ ಲೆಕ್ಕ ಆಮೇಲೆ. ನಾಟಿ ಅವರೆ ಹೂ ಬಿಡುವುದು ಹಗಲು ಚಿಕ್ಕದಾದಾಗ. ಕೊಂಡವರು ಫೆಬ್ರವರಿ, ಮಾರ್ಚ್‌ನಲ್ಲಿ ಬಿತ್ತಿದರೆ ಬೀಜ ಚೆನ್ನಾಗಿಯೇ ಹುಟ್ಟುತ್ತೆ, ಬಳ್ಳಿ ಸೊಂಪಾಗಿ ಹಬ್ಬುತ್ತೆ, ಆದರೆ ತಿಂಗಳುಗಟ್ಟಲೆ ಹೂವೇ ಕಾಣಲ್ಲ. ಆಗ ನಿಮ್ಮ ಬೀಜವೇ ಸರಿಯಿಲ್ಲ ಅಂತಾರೆ. "ಜುಲೈ, ಆಗಸ್ಟ್‌ನಲ್ಲಿ ಬಿತ್ತಿ, ಬೇಸಿಗೆಗೆ ಆಗದು" ಅಂತ ಸ್ಪಷ್ಟವಾಗಿ ಹಾಕಿ. ಹೆಬ್ಬಾಳ ಅವರೆ-3, 4ರಂಥ ತಳಿಗಳು ವರ್ಷವಿಡೀ ಬರುತ್ತವೆ. ಅವನ್ನು ಬೆಳೆದು ರೂಢಿಯಾದವರಿಗೆ ಈ ವ್ಯತ್ಯಾಸ ಗೊತ್ತಿರಲ್ಲ.

ಮೊಳಕೆಯನ್ನು ಅಂದಾಜಿನಲ್ಲಿ ಬರೆಯಬೇಡಿ. ಒಳ್ಳೆಯದು ಕೆಟ್ಟದ್ದು ಅಂತ ಆರಿಸದೆ 100 ಬೀಜ ಎಣಿಸಿ, ಒದ್ದೆ ಬಟ್ಟೆಯಲ್ಲಿ ಒಂದಕ್ಕೊಂದು ತಾಗದ ಹಾಗೆ ಸುತ್ತಿಡಿ. ನೀರು ಹಿಂಡಿದ ಬಟ್ಟೆ ಸಾಕು, ತೊಟ್ಟಿಕ್ಕುವಂತಿದ್ದರೆ ಬೀಜ ಕೊಳೆಯುತ್ತೆ. ನಾಲ್ಕನೇ ದಿನ ಒಮ್ಮೆ, ಹತ್ತನೇ ದಿನ ಕೊನೇ ಸಲ ಎಣಿಸಿ. ಬೇರು, ಕುಡಿ ಎರಡೂ ನೆಟ್ಟಗೆ ಬಂದದ್ದು ಮಾತ್ರ ಲೆಕ್ಕಕ್ಕೆ. ಬೇರಿನ ತುದಿ ಕಪ್ಪಾದದ್ದು, ಕುಡಿ ಮುರುಟಿದ್ದು ಬಿಡಿ. 86 ಬಂತು ಅನ್ನಿ, ಆಗ "100ಕ್ಕೆ 86, ಒದ್ದೆ ಬಟ್ಟೆಯಲ್ಲಿ, ಮೇ ತಿಂಗಳಲ್ಲಿ ನೋಡಿದ್ದು" ಅಂತ ಬರೆಯಿರಿ. ತಿಂಗಳು ಹಾಕದ ಅಂಕಿಗೆ ಬೆಲೆಯಿಲ್ಲ. ಮಣ್ಣಲ್ಲಿ ಇದಕ್ಕಿಂತ ಕಡಿಮೆ ಹುಟ್ಟಬಹುದು ಅನ್ನುವುದನ್ನೂ ಸೇರಿಸಿ.

ಪ್ರಮಾಣವನ್ನು ಗ್ರಾಂ ಬದಲು ಬೀಜದ ಎಣಿಕೆಯಲ್ಲಿ ಕೊಡಿ. ತಾರಸಿ ತೋಟದವರಿಗೆ ಬೇಕಾದದ್ದು ಅದೇ.

ಅವರೆಗೆ ದೊಡ್ಡ ಕಾಟ ಹುಳುವಿನದು. ಕಾಯಿ ಹೊಲದಲ್ಲಿರುವಾಗಲೇ ಮೊಟ್ಟೆ ಬಿದ್ದಿರುತ್ತೆ, ಹಾಗಾಗಿ ಡಬ್ಬಿ ಎಷ್ಟು ಬಿಗಿಯಾಗಿದ್ದರೂ ಒಳಗಿನಿಂದಲೇ ತೂತಾಗುತ್ತೆ. ಬೀಜದ ಸಿಪ್ಪೆ ಮೇಲೆ ಬಿಳಿ ಚುಕ್ಕಿ ಅಂಟಿಕೊಂಡಿದ್ದರೆ ಅದೇ ಮೊಟ್ಟೆ. ಕಚ್ಚಿದರೆ ಹಲ್ಲಿನ ಗುರುತು ಬೀಳದಷ್ಟು ಒಣಗಿಸಿ, ಗಾಳಿಯಾಡದ ಕವರಿನಲ್ಲಿ ಕಟ್ಟಿ, ಒಂದು ವಾರ ಫ್ರೀಜರ್‌ನಲ್ಲಿಡಿ. ಹಸಿ ಇದ್ದರೆ ಬೀಜವೇ ಸಾಯುತ್ತೆ. ಹೊರತೆಗೆದ ಮೇಲೆ ಕವರ್ ತಣುಪು ಬಿಡುವ ತನಕ ತೆರೆಯಬೇಡಿ, ಒಳಗೆ ನೀರು ಹನಿಯುತ್ತೆ. ಮೊಳಕೆ ಪರೀಕ್ಷೆ ಮಾಡುವುದು ಇದಾದ ಮೇಲೆ.

ನಾನಾದರೆ ಹೀಗೆ ಹಾಕುತ್ತೇನೆ: "ನಾಟಿ ಸೊಗಡು ಅವರೆ, 40 ಬೀಜ. ಇದೇ ವರ್ಷದ ಬೆಳೆ. 100ಕ್ಕೆ 86 ಮೊಳಕೆ, ಮೇ ತಿಂಗಳ ಪರೀಕ್ಷೆ. ಜುಲೈ, ಆಗಸ್ಟ್ ಬಿತ್ತನೆಗೆ ಮಾತ್ರ. ಬಿತ್ತುವವರೆಗೆ ಗಾಳಿಯಾಡದ ಡಬ್ಬಿಯಲ್ಲಿ, ತಂಪಾದ ಕಡೆ ಇಡಿ. ಮುಂದಿನ ವರ್ಷಕ್ಕೆ ಉಳಿಸಿದರೆ ಮೊಳಕೆ ಮತ್ತೆ ನೋಡಿಕೊಂಡು ಬಿತ್ತಿ."