ಉತ್ತರಕ್ಕೆ ಹೋದರೆ ಅರ್ಧ ಕಿಲೋಮೀಟರ್ ಯಾಕೆ ತಪ್ಪುತ್ತದೆ?

ಪ್ರಶ್ನೆ: 13° ಉತ್ತರ, 77.5° ಪೂರ್ವದಿಂದ ನೇರ ಉತ್ತರಕ್ಕೆ 100 ಕಿ.ಮೀ. ಹೋದರೆ ಎಲ್ಲಿರುತ್ತೇನೆ? ಗೋಳದ ಸೂತ್ರದಲ್ಲಿ 13.8993° ಬಂತು, ಸಾಫ್ಟ್‌ವೇರ್ 13.9039° ಅನ್ನುತ್ತದೆ. ದಶಮಾಂಶ ಜಾಸ್ತಿ ಇಟ್ಟರೆ ಸರಿಹೋಗುತ್ತಾ?

ಉತ್ತರ: ಇಲ್ಲ. ದಶಮಾಂಶದ ಮಾತು ದಯವಿಟ್ಟು ಬಿಡಿ, ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತಲೇ ಇದೆ. ನಿಮ್ಮ ಸೂತ್ರ ಸರಿ, ಭೂಮಿಯ ಆಕಾರ ತಪ್ಪು. ನೀವು ಎಲ್ಲ ದಿಕ್ಕಿಗೂ 6371 ಕಿ.ಮೀ. ತ್ರಿಜ್ಯ ಹಾಕಿದ್ದೀರಿ. ಭೂಮಿ ಧ್ರುವಗಳಲ್ಲಿ ಸ್ವಲ್ಪ ಚಪ್ಪಟೆಯಾದ ಗೋಳ, ಅಂದರೆ ಎಲಿಪ್ಸಾಯ್ಡ್. ಅದರ ಮೇಲೆ ಬಾಗು ದಿಕ್ಕಿಗೊಂದು ಥರ. ನಿಮ್ಮ ಜಾಗದಲ್ಲಿ ಉತ್ತರ-ದಕ್ಷಿಣದ ಬಾಗಿನ ತ್ರಿಜ್ಯ ಸುಮಾರು 6339 ಕಿ.ಮೀ., ಪೂರ್ವ-ಪಶ್ಚಿಮದ್ದು 6379. ಉತ್ತರಕ್ಕೆ ಬಾಗು ಜಾಸ್ತಿ, ಹಾಗಾಗಿ ಅದೇ 100 ಕಿ.ಮೀ.ಗೆ ಹೆಚ್ಚು ಡಿಗ್ರಿ ದಾಟುತ್ತೀರಿ. ಗೋಳ ನಿಮ್ಮನ್ನು ಸುಮಾರು 500 ಮೀಟರ್ ಹಿಂದೆ ನಿಲ್ಲಿಸುತ್ತದೆ. ಪೂರ್ವಕ್ಕೆ ಹೊರಟರೆ ಉಲ್ಟಾ, ಸುಮಾರು 130 ಮೀಟರ್ ಮುಂದೆ ತಳ್ಳುತ್ತದೆ.

‘ತ್ರಿಜ್ಯವನ್ನು 6339 ಮಾಡಿಕೊಳ್ಳಿ, ಸಾಕು’ ಎಂದು ಹೇಳಿಕೊಡುವವರನ್ನು ನಂಬಬೇಡಿ. ಉತ್ತರ ದಿಕ್ಕಿನ ಲೆಕ್ಕ ಸರಿಯಾಗುತ್ತದೆ, ಆದರೆ ಪೂರ್ವದ ತಪ್ಪು 600 ಮೀಟರ್ ದಾಟುತ್ತದೆ.

ಎಲಿಪ್ಸಾಯ್ಡ್ ಮೇಲಿನ ಲೆಕ್ಕಕ್ಕೆ ಭೂಮಾಪನ ತಜ್ಞ ವಿನ್ಸೆಂಟಿ 1975ರಲ್ಲಿ ಕೊಟ್ಟ ವಿಧಾನ ಅಕ್ಷಾಂಶವನ್ನು ಮೊದಲು ಒಂದು ಸಹಾಯಕ ಗೋಳಕ್ಕೆ ಇಳಿಸುತ್ತದೆ. ಅಲ್ಲಿ ದೂರಕ್ಕೆ ಸಮನಾದ ಕೋನವನ್ನು ಮತ್ತೆ ಮತ್ತೆ ತಿದ್ದಿ, ಅದು ನಿಂತ ಮೇಲೆ ಎಲಿಪ್ಸಾಯ್ಡ್‌ಗೆ ವಾಪಸ್ ತರುತ್ತದೆ. ಕೈಯಲ್ಲಿ ಬರೆಯಬೇಡಿ, ಇಂಥದೇ ಲೆಕ್ಕ ಮಾಡುವ ಪೈಥಾನ್ ಲೈಬ್ರರಿ pyproj ಬಳಸಿ ಹೀಗೆ ಮಾಡಿ:

```
from pyproj import Geod
g = Geod(ellps="WGS84")
lon, lat, back = g.fwd(77.5, 13.0, 0, 100000)
```

ರೇಖಾಂಶ ಮೊದಲು, ಆಮೇಲೆ ಅಕ್ಷಾಂಶ, ಹೊರಡುವ ದಿಕ್ಕು, ಕೊನೆಗೆ ದೂರ ಮೀಟರ್‌ನಲ್ಲಿ. ರೇಖಾಂಶ, ಅಕ್ಷಾಂಶ ಅದಲು ಬದಲು ಮಾಡಿದರೆ ಯಾವ ಎಚ್ಚರಿಕೆಯೂ ಬರುವುದಿಲ್ಲ, ಸುಮ್ನೆ ಆರ್ಕ್ಟಿಕ್‌ನ ಸ್ವಾಲ್ಬಾರ್ಡ್ ದ್ವೀಪಗಳ ಪಕ್ಕದ ಸಮುದ್ರದಿಂದ ಹೊರಡುತ್ತೀರಿ. `back` ಎಂಬುದು ಹೊಸ ಬಿಂದುವಿನಿಂದ ಹಳೆಯದರ ಕಡೆಗಿನ ದಿಕ್ಕು. ಅದೇ ದಿಕ್ಕು, ಅದೇ ದೂರ ಕೊಟ್ಟು ವಾಪಸ್ ಬಂದು ನೋಡಿ. ಹೊರಟ ಜಾಗಕ್ಕೇ ಸೇರದಿದ್ದರೆ ನಿಮ್ಮ ಕೋಡ್‌ನಲ್ಲಿ ತಪ್ಪಿದೆ. ಸೇರಿದರೂ ಅದಲು ಬದಲು ಇದರಲ್ಲಿ ಸಿಕ್ಕುವುದಿಲ್ಲ, ಅದನ್ನು ನಕ್ಷೆಯ ಮೇಲೆ ಬಿಂದು ಇಟ್ಟೇ ನೋಡಬೇಕು.

ಪ್ರಶ್ನೆ: 90° ಬೇರಿಂಗ್, ಅಂದರೆ ನೇರ ಪೂರ್ವ ದಿಕ್ಕು ಕೊಟ್ಟೆ, ಅಕ್ಷಾಂಶ ಕಡಿಮೆಯಾಯಿತು. ಬಗ್ ಅಲ್ವಾ?

ಉತ್ತರ: ಅಲ್ಲ. ಕೊಟ್ಟದ್ದು ಹೊರಡುವಾಗಿನ ಬೇರಿಂಗ್ ಮಾತ್ರ. 13° ಉತ್ತರದಿಂದ 100 ಕಿ.ಮೀ. ಹೋದರೆ ಅದು 90.2° ಆಗಿರುತ್ತದೆ, ನೀವು 13° ಗೆರೆಯಿಂದ ಸುಮಾರು 180 ಮೀಟರ್ ದಕ್ಷಿಣಕ್ಕೆ ಇಳಿದಿರುತ್ತೀರಿ.

ಪ್ರಶ್ನೆ: ವಿನ್ಸೆಂಟಿ ಕೆಲವೊಮ್ಮೆ ಉತ್ತರವನ್ನೇ ಕೊಡುವುದಿಲ್ಲವಂತೆ?

ಉತ್ತರ: ಅದು ಎರಡು ಬಿಂದು ಕೊಟ್ಟು ದೂರ ಕೇಳುವಾಗ, ಅವು ಭೂಮಿಯ ಹೆಚ್ಚುಕಡಿಮೆ ಎದುರುಬದುರು ಇದ್ದರೆ. ನಿಮ್ಮ ಲೆಕ್ಕಕ್ಕೆ ಆ ತೊಂದರೆ ಇಲ್ಲ.

ಪ್ರಶ್ನೆ: ಮೊಬೈಲ್ ದಿಕ್ಸೂಚಿಯ ಬೇರಿಂಗ್ ಹಾಕಬಹುದಾ?

ಉತ್ತರ: ಬೇಡ. ಅದು ಒಂದು ಡಿಗ್ರಿ ತಪ್ಪಿದರೂ 100 ಕಿ.ಮೀ.ಗೆ 1.7 ಕಿ.ಮೀ. ಪಕ್ಕಕ್ಕೆ ಸರಿಯುತ್ತೀರಿ. ಆಮೇಲೆ ಎಲಿಪ್ಸಾಯ್ಡ್ ಹಾಕಿ ಪ್ರಯೋಜನವಿಲ್ಲ.